ಒಂದೇ ಮಾತ್ರೆ, ಬೇರೆ ತಾರೀಖು: ಗರ್ಭಿಣಿಯೊಬ್ಬರ ನಾಲ್ಕು ಔಷಧಿಗಳ ಪ್ರಕರಣ

31 ವರ್ಷದ ಮಹಿಳೆ. ಮೊದಲ ಬಸಿರು, ಅಂದುಕೊಂಡು ಆದದ್ದಲ್ಲ. ಕೊನೆಯ ಮುಟ್ಟು ಶುರುವಾಗಿ ಅಂದಿಗೆ 58ನೇ ದಿನ. ಮೂರು ವರ್ಷದಿಂದ ಬಿಪಿ ಇದೆ, ಅದಕ್ಕಿಂತ ಹಳೆಯ ಮೈಗ್ರೇನ್ ಇದೆ. ಗಂಡನ ಜೊತೆ ಬಂದಿದ್ದರು. ಕೂತ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟ್ರೇ, ಇದನ್ನ ತೆಗೆಸಲೇಬೇಕಾ?"

ಗರ್ಭ ಬೇಡ ಅಂತ ಅವರು ಬಂದಿರಲಿಲ್ಲ. ಟೆಸ್ಟ್ ಪಾಸಿಟಿವ್ ಬಂದ ರಾತ್ರಿ ಮಾತ್ರೆಗಳ ಜೊತೆ ಬರುವ ಚೀಟಿಗಳನ್ನೆಲ್ಲ ಓದಿದ್ದಾರೆ. ಎಲ್ಲದರಲ್ಲೂ ಗರ್ಭಿಣಿಯರಿಗೆ ಎಚ್ಚರಿಕೆ ಇತ್ತು. ಒಂದಲ್ಲ, ಮೂರು ಔಷಧಿ ಹೊಟ್ಟೆಗೆ ಹೋಗಿವೆ, ಇನ್ನೇನು ಉಳಿದಿದೆ ಅನ್ನೋ ಲೆಕ್ಕ ಅವರದು.

(ಇದು ಒಬ್ಬರದೇ ಕಥೆಯಲ್ಲ. ಇಂಥ ಹಲವು ಪ್ರಕರಣಗಳ ವಿವರಗಳನ್ನು ಒಂದೇ ಕೇಸಿನಲ್ಲಿ ಜೋಡಿಸಿದ್ದೇನೆ. ದಿನಗಳ ಲೆಕ್ಕ ಮತ್ತು ಔಷಧಿಗಳ ವಿವರ ಕ್ಲಿನಿಕ್‌ನಲ್ಲಿ ಹೇಗೆ ಬರುತ್ತವೋ ಹಾಗೆಯೇ ಇವೆ.)

ಮೊದಲು ಕೇಳಬೇಕಾದದ್ದು

"ಈ ಮಾತ್ರೆ ಗರ್ಭಿಣಿಯರಿಗೆ ಸೇಫಾ?" ಎಂದು ಎಲ್ಲರೂ ಕೇಳುತ್ತಾರೆ. ಅರ್ಧ ಪ್ರಶ್ನೆ ಅದು. ಯಾವ ದಿನ, ಎಷ್ಟು ಪ್ರಮಾಣ, ಎಷ್ಟು ದಿನ ಎನ್ನುವುದು ಉಳಿದರ್ಧ. ಅದಿಲ್ಲದೆ ಉತ್ತರ ಹೇಳಲು ಆಗುವುದಿಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಔಷಧಿಗಳಿಗೆ ಎ, ಬಿ, ಸಿ, ಡಿ, ಎಕ್ಸ್ ಅಂತ ಅಕ್ಷರ ಕೊಡುವ ಪದ್ಧತಿಯನ್ನು 2015ರಿಂದ ಕೈಬಿಡತೊಡಗಿದ್ದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ಒಂದು ಅಕ್ಷರದಲ್ಲಿ ತಾರೀಖು ಹಿಡಿಸುವುದಿಲ್ಲ.

ಹಾಗಾಗಿ ಮೊದಲು ಮಾತ್ರೆಗಳ ಪಟ್ಟಿ ಮಾಡಿದೆವು. ಬಿಪಿಗೆ ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ, ದಿನಕ್ಕೊಂದು, ಇವತ್ತು ಬೆಳಗ್ಗೆಯೂ ತಗೊಂಡಿದ್ದಾರೆ. ಚರ್ಮದ ಸೋಂಕಿಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ, ದಿನಕ್ಕೆರಡು ಸಲ, ಒಂದು ವಾರ. ಸೊಂಟನೋವಿಗೆ ಐಬುಪ್ರೊಫೆನ್ 400 ಮಿ.ಗ್ರಾಂ, ಮೂರು ದಿನ. ಇಷ್ಟೇ ಅಂದರು.

ಮೈಗ್ರೇನ್ ಇದೆ ಅಂದವರ ಪಟ್ಟಿಯಲ್ಲಿ ಮೈಗ್ರೇನ್ ಮಾತ್ರೆಯೇ ಇಲ್ಲ. ಕೇಳಿದಾಗ, "ಅದು ಈಗ ತಗೊಳ್ತಿಲ್ಲ, ಖಾಲಿಯಾಗಿ ಎರಡು ವಾರ ಆಯ್ತೇನೋ" ಅಂದರು. ಹೆಸರು ನೆನಪಿಲ್ಲ, "ರಾತ್ರಿ ಒಂದು ತಲೆನೋವಿನ ಮಾತ್ರೆ" ಅಷ್ಟೇ. ಮನೆಗೆ ಫೋನ್ ಹೋಯಿತು, ಖಾಲಿ ಸ್ಟ್ರಿಪ್‌ನ ಫೋಟೊ ಬಂತು. ವಾಲ್‌ಪ್ರೋಯೇಟ್, 500 ಮಿ.ಗ್ರಾಂ. ನಾಲ್ಕು ತಿಂಗಳಿಂದ ನಡೆಯುತ್ತಿತ್ತು.

ಚೀಟಿ ಓದಿ ಅವರು ಹೆದರಿದ್ದು ಬೇರೆ ಮೂರಕ್ಕೆ. ನಿಜಕ್ಕೂ ಹೆದರಬೇಕಾದದ್ದು ಇದಕ್ಕೆ. ವಾಲ್‌ಪ್ರೋಯೇಟ್ ಮೂರ್ಛೆರೋಗದ ಔಷಧಿ, ಮೈಗ್ರೇನ್ ಬರದಂತೆ ತಡೆಯಲೂ ಕೊಡುತ್ತಾರೆ. ಆದರೆ ಗರ್ಭ ಧರಿಸುವ ವಯಸ್ಸಿನವರಿಗೆ, ಗರ್ಭನಿರೋಧದ ಗಟ್ಟಿ ಏರ್ಪಾಡಿಲ್ಲದೆ, ತಲೆನೋವಿಗಾಗಿ ಇದನ್ನು ಬರೆಯಲೇಬಾರದು. ಇದರಲ್ಲಿ ಎರಡು ಮಾತಿಲ್ಲ.

ಎಂದು ನಿಲ್ಲಿಸಿದರು? "ಎರಡು ವಾರ ಆಯ್ತೇನೋ" ಎನ್ನುವ ನೆನಪನ್ನು ನಂಬಿ ಮುಂದಿನ ಲೆಕ್ಕ ಕಟ್ಟುವಂತಿಲ್ಲ. ಅದೃಷ್ಟಕ್ಕೆ ಕೊನೆಯ ಸಲ ಮಾತ್ರೆ ಕೊಂಡ ಬಿಲ್ ಗಂಡನ ಫೋನಿನಲ್ಲಿತ್ತು. 30 ಮಾತ್ರೆ, ಮುಟ್ಟಿನ 16ನೇ ದಿನದ ತಾರೀಖು. ಮರುದಿನ ರಾತ್ರಿಯಿಂದ ಶುರು ಮಾಡಿದ್ದು, ಒಂದು ದಿನವೂ ತಪ್ಪಿಸಿಲ್ಲ. ಅಂದರೆ ಕೊನೆಯ ಮಾತ್ರೆ ನುಂಗಿದ್ದು 46ನೇ ದಿನ.

ಮುಟ್ಟಿನ ದಿನ, ಗರ್ಭ ನಿಂತ ದಿನ

ಗರ್ಭದ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದು ವಾಡಿಕೆ. ಅಂಡ ಬಿಡುಗಡೆಯಾಗುವುದು, ಗರ್ಭ ನಿಲ್ಲುವುದು ಸುಮಾರು 14ನೇ ದಿನ. ಅಂದರೆ "ಆರು ವಾರದ ಗರ್ಭ" ಅಂದಾಗ ಭ್ರೂಣಕ್ಕೆ ನಿಜವಾಗಿ ನಾಲ್ಕೇ ವಾರ. ಅಂಗಗಳು ಯಾವ ದಿನ ಮೂಡುತ್ತವೆ ಎನ್ನುವ ಪಟ್ಟಿಗಳು ಹೆಚ್ಚಾಗಿ ಗರ್ಭ ನಿಂತ ದಿನದಿಂದ ಎಣಿಸಿದವು. ವೈದ್ಯರ ಚೀಟಿಯಲ್ಲಿರುವುದು ಮುಟ್ಟಿನ ಲೆಕ್ಕ. ಎರಡನ್ನೂ ಬೆರೆಸಿ ಎರಡು ವಾರ ಆಚೀಚೆ ಆಗುವುದು ತೀರಾ ಸಾಮಾನ್ಯ. ಔಷಧಿಯ ವಿಷಯದಲ್ಲಿ ಎರಡು ವಾರ ಅಂದರೆ ಇಡೀ ಉತ್ತರವೇ ತಿರುಗಬಹುದು.

ಗರ್ಭ ನಿಂತ ದಿನದಿಂದ ಎಣಿಸಿದರೆ ಮೊದಲ ಎರಡು ವಾರ ಒಂದು ಥರದ ಕಾಲ. ಆಗ ಇರುವುದು ಇನ್ನೂ ಕೆಲಸ ಹಂಚಿಕೊಳ್ಳದ ಜೀವಕೋಶಗಳು. ಔಷಧಿಯಿಂದ ಹಲವು ಕೋಶ ಸತ್ತರೆ ಗರ್ಭವೇ ನಿಲ್ಲುವುದಿಲ್ಲ. ಕೆಲವೇ ಸತ್ತರೆ ಉಳಿದವು ಅವುಗಳ ಜಾಗ ತುಂಬುತ್ತವೆ. ವೈದ್ಯರು ಇದಕ್ಕೆ "ಎಲ್ಲಾ ಅಥವಾ ಏನೂ ಇಲ್ಲ" ಅನ್ನುತ್ತಾರೆ. ಮೂರನೇ ವಾರದಿಂದ ಎಂಟನೇ ವಾರದವರೆಗೆ ಅಂಗಗಳು ಮೂಡುವ ಕಾಲ. ಆಕಾರದ ದೋಷಗಳು ಹೆಚ್ಚಾಗಿ ಆಗುವುದು ಇಲ್ಲಿ. ಆಮೇಲೆ ಅಂಗಗಳು ಬೆಳೆಯುತ್ತವೆ, ಕೆಲಸ ಕಲಿಯುತ್ತವೆ. ಆಗ ಔಷಧಿ ಕೆಡಿಸುವುದು ಮುಖ್ಯವಾಗಿ ಕೆಲಸವನ್ನು, ಬೆಳವಣಿಗೆಯನ್ನು.

ಈ ಪಾಠವನ್ನು ಜಗತ್ತಿಗೆ ಕಲಿಸಿದ್ದು ಥಾಲಿಡೋಮೈಡ್. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಈ ನಿದ್ದೆ ಮಾತ್ರೆಯನ್ನು ಬಸುರಿಯರ ವಾಂತಿಗೂ ಕೊಟ್ಟರು. 1961ರ ಕೊನೆಗೆ ಹಿಂತೆಗೆದುಕೊಳ್ಳುವಷ್ಟರಲ್ಲಿ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಮೊಟಕಾದ ಕೈಕಾಲುಗಳೊಂದಿಗೆ ಹುಟ್ಟಿದ್ದರು. ತಾಯಂದಿರು ಮಾತ್ರೆ ತಗೊಂಡ ದಿನಗಳನ್ನು ಮಕ್ಕಳ ದೋಷದ ಜೊತೆ ಇಟ್ಟು ನೋಡಿದಾಗ ಅಪಾಯದ ಕಿಟಕಿ ಸಿಕ್ಕಿತು: ಗರ್ಭ ನಿಂತ ಸುಮಾರು 20ರಿಂದ 36ನೇ ದಿನ. ಶುರುವಿನ ದಿನಗಳಲ್ಲಿ ತಗೊಂಡರೆ ಕಿವಿ, ನಂತರ ಕೈ, ಇನ್ನೂ ತಡವಾದರೆ ಕಾಲು. ಕಿಟಕಿಯೊಳಗೆ ಒಂದೇ ಮಾತ್ರೆ ಸಾಕಾಗುತ್ತಿತ್ತು. ಕಿಟಕಿ ಮುಚ್ಚಿದ ಮೇಲೆ ತಗೊಂಡವರ ಮಕ್ಕಳ ಕೈಕಾಲು ಸರಿಯಾಗಿಯೇ ಇದ್ದವು.

ಸ್ಕ್ಯಾನ್ ಹೇಳಿದ್ದು

ಮುಟ್ಟಿನ ಲೆಕ್ಕದಲ್ಲಿ ಇವರದು 8 ವಾರ 2 ದಿನದ ಗರ್ಭ. ಆದರೆ ಇವರ ಮುಟ್ಟು ಎಂದೂ 28 ದಿನಕ್ಕೆ ಬಂದದ್ದಲ್ಲ. 35 ದಿನಕ್ಕೊಮ್ಮೆ, ಕೆಲವು ಸಲ 50 ದಿನಕ್ಕೊಮ್ಮೆ. ಹೀಗಿರುವವರಲ್ಲಿ 14ನೇ ದಿನದ ಲೆಕ್ಕ ನಡೆಯುವುದೇ ಇಲ್ಲ.

ಸ್ಕ್ಯಾನ್‌ನಲ್ಲಿ ಭ್ರೂಣದ ಉದ್ದ ತಲೆಯಿಂದ ಪೃಷ್ಠದವರೆಗೆ 6 ಮಿ.ಮೀ. ಹೃದಯ ಬಡಿಯುತ್ತಿತ್ತು. ಆ ಅಳತೆಗೆ 6 ವಾರ 3 ದಿನ, ಅಂದರೆ 45 ದಿನ. 58 ಅಲ್ಲ. 13 ದಿನದ ವ್ಯತ್ಯಾಸ. ಗರ್ಭ ನಿಂತದ್ದು ಮುಟ್ಟಿನ 14ನೇ ದಿನ ಅಲ್ಲ, ಸುಮಾರು 27ನೇ ದಿನ.

ಈಗ ಅದೇ ಮಾತ್ರೆಗಳನ್ನು ಎರಡೂ ಲೆಕ್ಕದಲ್ಲಿ ಇಟ್ಟು ನೋಡಿ.

| ಔಷಧಿ | ಮುಟ್ಟಿನಿಂದ ಎಷ್ಟನೇ ದಿನ | ಮುಟ್ಟಿನ ಲೆಕ್ಕದಲ್ಲಿ ಭ್ರೂಣದ ವಯಸ್ಸು | ಸ್ಕ್ಯಾನ್ ಲೆಕ್ಕದಲ್ಲಿ ಭ್ರೂಣದ ವಯಸ್ಸು |
|---|---|---|---|
| ಡಾಕ್ಸಿಸೈಕ್ಲಿನ್ | 20–26 | 6–12 ದಿನ | ಗರ್ಭ ನಿಲ್ಲುವ ಮೊದಲು |
| ಐಬುಪ್ರೊಫೆನ್ | 38–40 | 24–26 ದಿನ | 11–13 ದಿನ |
| ವಾಲ್‌ಪ್ರೋಯೇಟ್ (ಕೊನೆಯ ಮಾತ್ರೆ) | 46 | 32 ದಿನ | 19 ದಿನ |
| ಟೆಲ್ಮಿಸಾರ್ಟಾನ್ (ಇವತ್ತಿನವರೆಗೆ) | 58 | 44 ದಿನ | 31 ದಿನ |

ಮೂರನೇ ಸಾಲಿನಲ್ಲೇ ಈ ಕೇಸಿನ ಗಂಟು ಇದೆ. ವಾಲ್‌ಪ್ರೋಯೇಟ್ ಬಗ್ಗೆ ಮೊದಲು ಬರುವ ಭಯ ನರಕೊಳವೆಯದು. ಮಿದುಳು, ಬೆನ್ನುಹುರಿ ಎರಡೂ ಒಂದು ಚಪ್ಪಟೆ ಪದರದಿಂದ ಶುರುವಾಗುತ್ತವೆ. ಅದರ ಅಂಚುಗಳು ಮೇಲೆದ್ದು, ಬಾಗಿ, ಕೂಡಿಕೊಂಡು ಕೊಳವೆಯಾಗುತ್ತದೆ. ಗರ್ಭ ನಿಂತ 22ನೇ ದಿನದ ಹೊತ್ತಿಗೆ ಅಂಚುಗಳು ಕೂಡತೊಡಗುತ್ತವೆ, 28ರ ಹೊತ್ತಿಗೆ ಕೆಳತುದಿಯೂ ಮುಚ್ಚುತ್ತದೆ. ಮೇಲಿನ ತುದಿ ಮುಚ್ಚದಿದ್ದರೆ ತಲೆಬುರುಡೆ, ಮಿದುಳು ಬೆಳೆಯುವುದಿಲ್ಲ. ಕೆಳಗೆ ಮುಚ್ಚದಿದ್ದರೆ ಬೆನ್ನುಹುರಿ ತೆರೆದೇ ಉಳಿಯುವ ಸ್ಪೈನಾ ಬೈಫಿಡಾ.

ಮುಟ್ಟಿನ ಲೆಕ್ಕ ನಿಜವಾಗಿದ್ದರೆ ಕೊಳವೆ ಮುಚ್ಚುವ ಅಷ್ಟೂ ದಿನ ವಾಲ್‌ಪ್ರೋಯೇಟ್ ರಕ್ತದಲ್ಲಿತ್ತು. ಸ್ಕ್ಯಾನ್ ಲೆಕ್ಕದಲ್ಲಿ ಕೊನೆಯ ಮಾತ್ರೆ 19ನೇ ದಿನ. ಈ ಔಷಧಿಯ ಅರ್ಧಾಯುಷ್ಯ 9ರಿಂದ 16 ಗಂಟೆ, ಅಂದರೆ ಅಷ್ಟು ಹೊತ್ತಿಗೊಮ್ಮೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯುತ್ತದೆ. ಐದು ಅರ್ಧಾಯುಷ್ಯ ಕಳೆದರೆ ಬಹುತೇಕ ಖಾಲಿ. ಹಾಗೆ ನೋಡಿದರೆ 22ನೇ ದಿನದ ಹೊತ್ತಿಗೆ, ಅಂಚುಗಳು ಕೂಡತೊಡಗುವಾಗ, ಔಷಧಿ ಹೆಚ್ಚುಕಡಿಮೆ ಹೋಗಿತ್ತು.

ಇಲ್ಲಿಗೆ ನಿಟ್ಟುಸಿರು ಬಿಡುವಂತಿಲ್ಲ. ಇಷ್ಟು ಬೇಗ ಮಾಡಿದ ಸ್ಕ್ಯಾನ್‌ನಲ್ಲೂ ಸುಮಾರು ಐದು ದಿನ ಆಚೀಚೆ ಇರಬಹುದು. ಗರ್ಭ 27ರ ಬದಲು 22ನೇ ದಿನ ನಿಂತಿದ್ದರೆ ಕೊನೆಯ ಮಾತ್ರೆ 24ನೇ ದಿನಕ್ಕೆ ಬೀಳುತ್ತದೆ. ಅದು ಕಿಟಕಿಯ ನಡುಮಧ್ಯ.

ಆಗ ಸಹಾಯಕ್ಕೆ ಬಂದದ್ದು ಅವರು ಸುಮ್ನೆ ಹೇಳಿಬಿಟ್ಟ ಒಂದು ಮಾತು. ಸೊಂಟನೋವು ಇದ್ದಾಗ ಅನುಮಾನ ಬಂದು ಮನೆಯಲ್ಲೇ ಟೆಸ್ಟ್ ಮಾಡಿದ್ದರಂತೆ, ಮುಟ್ಟಿನ 40ನೇ ದಿನ. ನೆಗೆಟಿವ್. ಹತ್ತು ದಿನ ಬಿಟ್ಟು ಮಾಡಿದಾಗ ಪಾಸಿಟಿವ್. ಗರ್ಭ 14ನೇ ದಿನ ನಿಂತಿದ್ದರೆ ಆ ಹೊತ್ತಿಗೆ 26 ದಿನ ಆಗಿರುತ್ತಿತ್ತು, ಟೆಸ್ಟ್‌ನಲ್ಲಿ ಎರಡು ದಪ್ಪ ಗೆರೆ ಬರಬೇಕಿತ್ತು. 22ನೇ ದಿನ ನಿಂತಿದ್ದರೂ 18 ದಿನ, ಸಾಮಾನ್ಯವಾಗಿ ಪಾಸಿಟಿವ್ ಬರಬೇಕು. 27 ಅಂದರೆ 13 ದಿನ, ನೆಗೆಟಿವ್ ಬರುವುದು ಸಹಜ. ಮನೆ ಟೆಸ್ಟ್ ಒಂದನ್ನೇ ನಂಬಿ ತೀರ್ಮಾನ ಮಾಡಬಾರದು. ಆದರೆ ಸ್ಕ್ಯಾನ್ ಹೇಳಿದ ಕಡೆಗೇ ಇದೂ ಬೊಟ್ಟು ಮಾಡಿತು.

ಒಂದೊಂದಾಗಿ

ಡಾಕ್ಸಿಸೈಕ್ಲಿನ್ ವಿಷಯ ಬೇಗ ಮುಗಿಯಿತು. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳು ಕ್ಯಾಲ್ಸಿಯಂಗೆ ಅಂಟಿಕೊಂಡು ಬೆಳೆಯುವ ಹಲ್ಲು, ಮೂಳೆಗಳಲ್ಲಿ ಕೂರುತ್ತವೆ. ಮಗುವಿನ ಹಾಲುಹಲ್ಲಿಗೆ ಕಲೆ ಬೀಳುವುದು ಹೀಗೆ. ಆದರೆ ಹಲ್ಲು ಗಟ್ಟಿಯಾಗತೊಡಗುವುದು ನಾಲ್ಕನೇ ತಿಂಗಳ ನಂತರ. ಗರ್ಭ ನಿಲ್ಲುವ ಮೊದಲೇ ಮುಗಿದ ಕೋರ್ಸ್‌ಗೆ ಕಲೆ ಹಾಕಲು ಹಲ್ಲೇ ಇರಲಿಲ್ಲ. ಐಬುಪ್ರೊಫೆನ್ ಕೂಡ ಬಿದ್ದದ್ದು ಮೊದಲ ಎರಡು ವಾರದೊಳಗೆ. ಆಗ ಏನಾದರೂ ಆಗುವುದಿದ್ದರೆ ಗರ್ಭವೇ ಉಳಿಯುತ್ತಿರಲಿಲ್ಲ, ಇಲ್ಲಿ ಹೃದಯ ಬಡಿಯುತ್ತಿದೆ.

"ಎಲ್ಲಾ ಅಥವಾ ಏನೂ ಇಲ್ಲ" ಎನ್ನುವ ಸಮಾಧಾನ ಎಲ್ಲ ಔಷಧಿಗೂ ಸಲ್ಲುವುದಿಲ್ಲ, ಇದನ್ನು ಇಲ್ಲೇ ಹೇಳಿಬಿಡಬೇಕು. ದೇಹದಲ್ಲಿ ಉಳಿದುಕೊಳ್ಳುವ ಔಷಧಿಗೆ ತಗೊಂಡ ದಿನ ಮುಖ್ಯವಲ್ಲ, ಹೊರಹೋದ ದಿನ ಮುಖ್ಯ. ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ನಿಲ್ಲಿಸಿ ಒಂದು ತಿಂಗಳು ಕಾಯಬೇಕು. ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್‌ಗೆ ಮೂರು ವರ್ಷ. ಸಂಧಿವಾತದ ಲೆಫ್ಲುನೊಮೈಡ್ ದೇಹದಿಂದ ತಾನಾಗಿ ಹೋಗಲು ಎರಡು ವರ್ಷದವರೆಗೂ ಹಿಡಿಯಬಹುದು, ಅದನ್ನು ಬೇರೆ ಔಷಧಿ ಕೊಟ್ಟು ತೊಳೆದು ತೆಗೆಯುತ್ತಾರೆ. ಈ ಮಹಿಳೆಯ ಪಟ್ಟಿಯಲ್ಲಿ ಅಂಥದ್ದು ಇರಲಿಲ್ಲ.

ಟೆಲ್ಮಿಸಾರ್ಟಾನ್ ಅವರನ್ನು ಹೆಚ್ಚು ಕಾಡಿತ್ತು, ಯಾಕೆಂದರೆ ಚೀಟಿಯಲ್ಲಿ ಅದರ ಎಚ್ಚರಿಕೆ ಕಪ್ಪು ಚೌಕಟ್ಟಿನೊಳಗಿತ್ತು. ಆ ಎಚ್ಚರಿಕೆ ಸುಳ್ಳಲ್ಲ, ಆದರೆ ಅದು ಮುಖ್ಯವಾಗಿ ನಾಲ್ಕನೇ ತಿಂಗಳ ನಂತರದ ಮಾತು. ಮೊದಲ ಮೂರು ತಿಂಗಳಲ್ಲಿ ಇದಕ್ಕೆ ಹತ್ತಿರದ ಎನಲಾಪ್ರಿಲ್‌ನಂಥ ಔಷಧಿಗಳಿಂದ ಅಂಗದೋಷ ಹೆಚ್ಚುತ್ತದೆ ಎಂದು 2006ರ ಒಂದು ಅಧ್ಯಯನ ಹೇಳಿತ್ತು. ತಾಯಿಯ ಬಿಪಿ, ಸಕ್ಕರೆ ಕಾಯಿಲೆಗಳನ್ನೂ ಲೆಕ್ಕಕ್ಕೆ ಹಿಡಿದ ಮುಂದಿನ ಅಧ್ಯಯನಗಳಲ್ಲಿ ಆ ವ್ಯತ್ಯಾಸ ಬಹಳ ಮಟ್ಟಿಗೆ ಕರಗಿಹೋಯಿತು. ಹಾಗಾಗಿ ಇವತ್ತೇ ನಿಲ್ಲಿಸಿ ಬೇರೆ ಮಾತ್ರೆಗೆ ಹೋಗಬೇಕು, ಆದರೆ ಈವರೆಗೆ ತಗೊಂಡದ್ದಕ್ಕೆ ಗರ್ಭ ತೆಗೆಸುವ ಕಾರಣ ಇಲ್ಲ. ಅವರಿಗೆ ಉಬ್ಬಸ ಇಲ್ಲ ಎಂದು ಖಚಿತಪಡಿಸಿಕೊಂಡು ಲ್ಯಾಬೆಟಲಾಲ್ 100 ಮಿ.ಗ್ರಾಂ ದಿನಕ್ಕೆರಡು ಸಲ ಶುರು ಮಾಡಿದೆವು. ಬಿಪಿ 140/90ರ ಕೆಳಗಿರಬೇಕು ಎನ್ನುವುದು ಗುರಿ.

ವಾಲ್‌ಪ್ರೋಯೇಟ್ ಬಗ್ಗೆ ಅಂಕಿ ಇಟ್ಟುಕೊಂಡೇ ಮಾತಾಡಬೇಕಾಯಿತು. ಯಾವ ಔಷಧಿಯನ್ನೂ ತಗೊಳ್ಳದ ತಾಯಂದಿರಲ್ಲೂ 100 ಮಕ್ಕಳಲ್ಲಿ ಸುಮಾರು 3 ಮಕ್ಕಳು ದೊಡ್ಡ ಅಂಗದೋಷದೊಂದಿಗೆ ಹುಟ್ಟುತ್ತಾರೆ. ಈ ಸಂಖ್ಯೆಯನ್ನು ಮೊದಲು ಹೇಳದಿದ್ದರೆ ಮುಂದಿನ ಯಾವ ಸಂಖ್ಯೆಗೂ ಅರ್ಥವಿಲ್ಲ. ಯುರಾಪ್ ಎನ್ನುವ ಅಂತರರಾಷ್ಟ್ರೀಯ ನೋಂದಣಿಯ 2018ರ ವರದಿಯಲ್ಲಿ, ವಾಲ್‌ಪ್ರೋಯೇಟ್ ಮುಂದುವರಿಸಿದ ಮೂರ್ಛೆರೋಗಿಗಳ ಮಕ್ಕಳಲ್ಲಿ ಇದು 100ಕ್ಕೆ ಸುಮಾರು 10. ದಿನಕ್ಕೆ 650 ಮಿ.ಗ್ರಾಂಗಿಂತ ಕಡಿಮೆ ತಗೊಂಡವರಲ್ಲಿ ಸುಮಾರು 6, ತುಂಬಾ ಜಾಸ್ತಿ ತಗೊಂಡವರಲ್ಲಿ 25. ನಮ್ಮ ಕೇಸಿನಲ್ಲಿ ಪ್ರಮಾಣ ಕಡಿಮೆ, ಅಂಗ ಮೂಡುವ ಕಾಲದ ಹೊಸ್ತಿಲಲ್ಲೇ ಮಾತ್ರೆ ನಿಂತಿದೆ. ಹಾಗಾಗಿ ಅಪಾಯ 6ಕ್ಕಿಂತ ಕೆಳಗೆ, 3ರ ಹತ್ತಿರ ಇರಬೇಕು. ಇದಕ್ಕಿಂತ ನಿಖರವಾಗಿ ಹೇಳಿದರೆ ಅದು ಊಹೆ.

ಅವರ ಗಂಡ ಕೇಳಿದರು: "ಈಗ ಫೋಲಿಕ್ ಆಸಿಡ್ ಜಾಸ್ತಿ ಕೊಟ್ಟರೆ ಸರಿಹೋಗಲ್ವಾ?" ಇಲ್ಲ. ಕೊಳವೆ ಮುಚ್ಚಿಯಾಗಿದೆ ಅಥವಾ ಮುಚ್ಚದೆ ಉಳಿದಾಗಿದೆ. ಫೋಲಿಕ್ ಆಸಿಡ್ ಕೆಲಸ ಮಾಡಬೇಕಿದ್ದದ್ದು ಅದಕ್ಕೂ ಮೊದಲು, ಗರ್ಭ ನಿಲ್ಲುವ ಮುಂಚಿನಿಂದ. ಎಲ್ಲರಿಗೂ ಕೊಡುವ ದಿನದ 400 ಮೈಕ್ರೊಗ್ರಾಂ ಬರೆದೆವು, ಅದರಿಂದ ಹಿಂದಿನದು ತಿದ್ದಿಹೋಗುತ್ತದೆ ಎಂದು ಹೇಳಲಿಲ್ಲ.

ಇನ್ನೊಂದು ಎಚ್ಚರಿಕೆ ಓದುವವರಿಗೆ. ಇವರು ವಾಲ್‌ಪ್ರೋಯೇಟ್ ಬಿಟ್ಟದ್ದು ಮಾತ್ರೆ ಖಾಲಿಯಾಗಿ, ಮತ್ತು ಅವರಿಗಿದ್ದದ್ದು ತಲೆನೋವು. ಮೂರ್ಛೆರೋಗ ಇರುವವರು ಗರ್ಭಿಣಿ ಅಂತ ಗೊತ್ತಾದ ಕೂಡಲೇ ಇದನ್ನು ತಾವಾಗಿ ನಿಲ್ಲಿಸಬಾರದು. ನಿಲ್ಲದ ಫಿಟ್ಸ್ ತಾಯಿ ಮಗು ಇಬ್ಬರ ಪ್ರಾಣಕ್ಕೂ ಬರಬಹುದು. ಅವತ್ತೇ ನರರೋಗ ವೈದ್ಯರನ್ನು ಕಾಣಬೇಕು.

ಗರ್ಭ ಉಳಿಸಿಕೊಳ್ಳುತ್ತೇವೆ ಅಂದರು.

12ರಿಂದ 20ನೇ ವಾರ

12ನೇ ವಾರದ ಸ್ಕ್ಯಾನ್‌ನಲ್ಲಿ ತಲೆಬುರುಡೆಯ ಮೂಳೆ ಪೂರ್ತಿ ಸುತ್ತಿಕೊಂಡಿತ್ತು. ನರಕೊಳವೆಯ ಮೇಲಿನ ತುದಿ ಮುಚ್ಚಿದೆ ಅನ್ನುವುದಕ್ಕೆ ಅಷ್ಟು ಸಾಕು. ಬೆನ್ನಿನ ಬಗ್ಗೆ ಆಗಲೇ ಏನೂ ಹೇಳಲಾಗದು.

ಅದೇ ವಾರ ರಾತ್ರಿಗೊಂದು ಆಸ್ಪಿರಿನ್ 150 ಮಿ.ಗ್ರಾಂ ಶುರು ಮಾಡಿದಾಗ ಅವರು ಕೈಚೀಲದಿಂದ ಐಬುಪ್ರೊಫೆನ್ ಸ್ಟ್ರಿಪ್ ತೆಗೆದು ತೋರಿಸಿದರು. "ಇದು ಬೇಡ ಅಂದ್ರಿ, ಇವೆರಡೂ ಒಂದೇ ಜಾತಿ ಅಲ್ವಾ?" ಒಳ್ಳೆಯ ಪ್ರಶ್ನೆ. ಜಾತಿ ಒಂದೇ, ಪ್ರಮಾಣ ಬೇರೆ. ಮೊದಲೇ ಬಿಪಿ ಇದ್ದವರಿಗೆ ಗರ್ಭದ ನಂಜು, ಅಂದರೆ ಪ್ರೀಎಕ್ಲಾಂಪ್ಸಿಯಾ, ಬರುವ ಸಾಧ್ಯತೆ ಜಾಸ್ತಿ. ಸಣ್ಣ ಪ್ರಮಾಣದ ಆಸ್ಪಿರಿನ್ ಅದನ್ನು ಕಡಿಮೆ ಮಾಡುತ್ತದೆ, 36ನೇ ವಾರದವರೆಗೆ ಕೊಡುತ್ತಾರೆ. ನೋವಿಗೆ ತಗೊಳ್ಳುವ ಪ್ರಮಾಣದ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್, ನ್ಯಾಪ್ರೊಕ್ಸೆನ್ ಬೇರೆ ಲೆಕ್ಕ. 20ನೇ ವಾರದ ನಂತರ ಅವು ಮಗುವಿನ ಮೂತ್ರಪಿಂಡದ ಕೆಲಸ ತಗ್ಗಿಸಿ ಗರ್ಭದ ನೀರು ಕಡಿಮೆ ಮಾಡಬಹುದು ಎಂದು ಎಫ್‌ಡಿಎ 2020ರ ಅಕ್ಟೋಬರ್‌ನಲ್ಲಿ ಎಚ್ಚರಿಸಿತು. ಸುಮಾರು 30ನೇ ವಾರದ ನಂತರ, ಹುಟ್ಟಿದ ಮೇಲೆ ಮುಚ್ಚಬೇಕಾದ ಹೃದಯದ ಬಳಿಯ ರಕ್ತನಾಳವನ್ನು ಗರ್ಭದಲ್ಲೇ ಮುಚ್ಚಿಸಬಹುದು. ನೋವಿಗೆ ಪ್ಯಾರಾಸಿಟಮಾಲ್, ಬೇಕಾದಷ್ಟೇ, ಬೇಕಾದಷ್ಟು ದಿನವೇ. ಮೈಗ್ರೇನ್ ಬಂದಾಗಲೂ ಮೊದಲು ಅದೇ. ಎರ್ಗೊಟಮಿನ್ ಇರುವ ಮಾತ್ರೆ ಬೇಡ, ಅದು ಗರ್ಭಕೋಶದ ರಕ್ತನಾಳಗಳನ್ನೂ ಬಿಗಿಯುತ್ತದೆ.

20ನೇ ವಾರದ ಸ್ಕ್ಯಾನ್‌ಗೆ ಎಲ್ಲರೂ ಕಾಯುತ್ತಿದ್ದೆವು. ಸ್ಪೈನಾ ಬೈಫಿಡಾ ಹುಡುಕುವವರು ಬೆನ್ನಿಗಿಂತ ಮೊದಲು ತಲೆ ನೋಡುತ್ತಾರೆ. ಬೆನ್ನು ತೆರೆದಿದ್ದರೆ ಹಿಂಮಿದುಳು ಕೆಳಕ್ಕೆ ಎಳೆದುಕೊಂಡು ಬಾಗಿ ಬಾಳೆಹಣ್ಣಿನ ಆಕಾರಕ್ಕೆ ಬರುತ್ತದೆ, ಹಣೆಯ ಎರಡು ಬದಿ ಒಳಕ್ಕೆ ತಗ್ಗಿ ತಲೆ ನಿಂಬೆಹಣ್ಣಿನಂತೆ ಕಾಣುತ್ತದೆ. ಇಲ್ಲಿ ಎರಡೂ ಇರಲಿಲ್ಲ. ಬೆನ್ನುಮೂಳೆಯ ಮೇಲೆ ಚರ್ಮದ ಗೆರೆ ಕೆಳಗಿನವರೆಗೂ ಮುರಿಯದೆ ಇತ್ತು. ಹೃದಯ, ತುಟಿ ಸರಿಯಾಗಿದ್ದವು. ಗರ್ಭದ ನೀರಿನ ಸೂಚ್ಯಂಕ 14 ಸೆಂ.ಮೀ.

27ನೇ ವಾರ

ಕೇಸ್ ಇಲ್ಲಿಗೆ ಮುಗಿದಿದ್ದರೆ ಬರೆಯುವಂಥದ್ದು ಅಷ್ಟೇನೂ ಇರಲಿಲ್ಲ.

27ನೇ ವಾರ ಮಾಮೂಲಿ ಭೇಟಿಗೆ ಬಂದಾಗ ಹೊಟ್ಟೆಯ ಅಳತೆ ಎರಡು ವಾರ ಹಿಂದಿತ್ತು. ಸ್ಕ್ಯಾನ್‌ನಲ್ಲಿ ನೀರಿನ ಸೂಚ್ಯಂಕ 6. 5ಕ್ಕೆ ಇಳಿದರೆ ನೀರು ಕಡಿಮೆ ಅಂತಲೇ ಹೆಸರಿಡುತ್ತಾರೆ. ಅರ್ಧ ಗಂಟೆ ಕಾದು ನೋಡಿದರೂ ಮಗುವಿನ ಮೂತ್ರಕೋಶ ಸರಿಯಾಗಿ ತುಂಬಲಿಲ್ಲ. ನೀರು ಸೋರುತ್ತಿದೆಯಾ ಎಂದು ಪರೀಕ್ಷಿಸಿದೆವು, ಇಲ್ಲ. ಮಗುವಿನ ತೂಕ ಸರಿ, ಹೊಕ್ಕುಳಬಳ್ಳಿಯ ರಕ್ತ ಹರಿವು ಸರಿ. ಎರಡೂ ಮೂತ್ರಪಿಂಡ ಇದ್ದ ಜಾಗದಲ್ಲೇ ಇವೆ. ಹಾಗಾದರೆ ಮೂತ್ರಪಿಂಡ ಇದ್ದೂ ಕೆಲಸ ಮಾಡುತ್ತಿಲ್ಲ.

ಅವರ ಬಿಪಿ ಮಾತ್ರ ಚೆನ್ನಾಗಿತ್ತು, 128/80. ಲ್ಯಾಬೆಟಲಾಲ್ ಪ್ರಮಾಣ ಏರಿಸದೆ ಅಷ್ಟು ಚೆನ್ನಾಗಿರುವುದು ವಿಚಿತ್ರ, ಯಾಕೆಂದರೆ ಹಿಂದಿನ ಭೇಟಿಯಲ್ಲಿ ಅದು ಮೇಲೇರುತ್ತಿತ್ತು. "ಬೇರೆ ಏನಾದರೂ ತಗೊಳ್ತಿದ್ದೀರಾ?" ಎಂದು ಕೇಳಿದಾಗ ಮುಚ್ಚಿಡದೆ ಹೇಳಿದರು. ಎರಡು ವಾರದ ಹಿಂದೆ ಮನೆಯಲ್ಲಿ ನೋಡಿದಾಗ 152/96 ಬಂತಂತೆ. ಹಳೆಯ ಟೆಲ್ಮಿಸಾರ್ಟಾನ್ ಡಬ್ಬಿಯಲ್ಲಿ ಉಳಿದಿತ್ತು. "ಮೊದಲು ತಗೊಂಡಾಗ ಮಗುಗೆ ಏನೂ ಆಗಿಲ್ಲ ಅಂದ್ರಲ್ಲ, ಅದಕ್ಕೇ ಧೈರ್ಯ ಮಾಡಿದೆ."

ಅವರ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಅದೇ ಮಾತ್ರೆ, ಅದೇ 40 ಮಿ.ಗ್ರಾಂ, ಅದೇ ತಾಯಿ, ಅದೇ ಮಗು. ಬದಲಾಗಿದ್ದು ತಾರೀಖು. 6ನೇ ವಾರದಲ್ಲಿ ಭ್ರೂಣಕ್ಕೆ ಕೆಲಸ ಮಾಡುವ ಮೂತ್ರಪಿಂಡವೇ ಇರಲಿಲ್ಲ, ಕೆಡಲು ಏನೂ ಇರಲಿಲ್ಲ. ಸುಮಾರು 16ನೇ ವಾರದ ನಂತರ ಗರ್ಭದ ನೀರಿನಲ್ಲಿ ಹೆಚ್ಚಿನ ಪಾಲು ಮಗುವಿನ ಮೂತ್ರ. ಗರ್ಭದಲ್ಲಿ ಮಗುವಿನ ರಕ್ತದ ಒತ್ತಡ ಬಹಳ ಕಡಿಮೆ. ಅಷ್ಟು ಕಡಿಮೆ ಒತ್ತಡದಲ್ಲೂ ಮೂತ್ರಪಿಂಡ ರಕ್ತ ಸೋಸಬೇಕಾದರೆ, ಸೋಸುವ ಜಾಗದಿಂದ ರಕ್ತ ಹೊರಹೋಗುವ ನಾಳವನ್ನು ಆಂಜಿಯೊಟೆನ್ಸಿನ್ ಎನ್ನುವ ಹಾರ್ಮೋನ್ ಬಿಗಿಹಿಡಿಯಬೇಕು. ಟೆಲ್ಮಿಸಾರ್ಟಾನ್, ಲೊಸಾರ್ಟಾನ್‌ನಂಥವು ಆ ಹಾರ್ಮೋನ್ ಕೆಲಸವನ್ನೇ ತಡೆಯುತ್ತವೆ. ಎನಲಾಪ್ರಿಲ್, ರಾಮಿಪ್ರಿಲ್ ಅದು ತಯಾರಾಗದಂತೆ ಮಾಡುತ್ತವೆ. ಎರಡರಲ್ಲೂ ಸೋಸುವುದು ನಿಲ್ಲುತ್ತದೆ, ಮೂತ್ರ ನಿಲ್ಲುತ್ತದೆ, ನೀರು ಇಳಿಯುತ್ತದೆ. ವಾರಗಟ್ಟಲೆ ಹೀಗಾದರೆ ಮಗುವಿನ ಶ್ವಾಸಕೋಶ ಬೆಳೆಯಲು ಬೇಕಾದ ನೀರೇ ಇರುವುದಿಲ್ಲ. ಕೈಕಾಲು ಮಡಚಿಕೊಂಡೇ ಬೆಳೆಯುತ್ತವೆ, ತಲೆಬುರುಡೆಯ ಮೂಳೆ ತೆಳ್ಳಗಾಗುತ್ತದೆ. ಹುಟ್ಟಿದ ಮೇಲೆ ಮೂತ್ರಪಿಂಡ ಕೈಕೊಡಬಹುದು.

ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ದಾಖಲು ಮಾಡಿಕೊಂಡೆವು. ಲ್ಯಾಬೆಟಲಾಲ್ 200 ಮಿ.ಗ್ರಾಂ ದಿನಕ್ಕೆ ಮೂರು ಸಲ, ಜೊತೆಗೆ ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ 30 ಮಿ.ಗ್ರಾಂ. ವಾರಕ್ಕೆ ಎರಡು ಸ್ಕ್ಯಾನ್. ಮೊದಲ ಸ್ಕ್ಯಾನ್‌ನಲ್ಲಿ ನೀರು ಅಷ್ಟೇ ಇತ್ತು, ಆದರೆ ಮೂತ್ರಕೋಶ ತುಂಬಿ ಖಾಲಿಯಾಗುವುದು ಕಂಡಿತು. ನೀರಿನ ಅಳತೆಗಿಂತ ಮೊದಲು ತಿಳಿಯುವ ಸೂಚನೆ ಅದು. ಹತ್ತು ದಿನಕ್ಕೆ ಸೂಚ್ಯಂಕ 9, ಮೂರು ವಾರಕ್ಕೆ 12. ಬೇಗ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಹೀಗೆ ಮರಳುತ್ತದೆ. ಎಲ್ಲರಲ್ಲೂ ಅಲ್ಲ.

ಆಮೇಲೆ ನಾವು ಅವರ ಚೀಟಿ ಬರೆಯುವ ಕ್ರಮ ಬದಲಿಸಿದೆವು. "ಟೆಲ್ಮಿಸಾರ್ಟಾನ್: ತೊಂದರೆ ಇಲ್ಲ" ಎನ್ನುವ ಬದಲು "6ನೇ ವಾರದವರೆಗೆ ತಗೊಂಡದ್ದರಿಂದ ತೊಂದರೆ ನಿರೀಕ್ಷೆಯಿಲ್ಲ. ಇನ್ನು ಹೆರಿಗೆಯವರೆಗೆ ಬೇಡವೇ ಬೇಡ." ಪ್ರತಿ ಔಷಧಿಯ ಎದುರೂ ಒಂದು ವಾರದ ಸಂಖ್ಯೆ. ಉಳಿದ ಸ್ಟ್ರಿಪ್‌ಗಳನ್ನು ತಂದು ಕೊಡಲು ಹೇಳಿದೆವು, ಐಬುಪ್ರೊಫೆನ್ ಸೇರಿ.

ಕಿಟಕಿ ಯಾವಾಗ ತೆರೆಯುತ್ತದೆ ಅನ್ನುವುದು ಔಷಧಿಯಿಂದ ಔಷಧಿಗೆ ಬೇರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ 6ರಿಂದ 12ನೇ ವಾರದೊಳಗೆ ಮೂಗಿನ ಮೂಳೆ, ಮೂಳೆಗಳ ತುದಿ ಕೆಡಿಸುತ್ತದೆ. ಆಮೇಲೆ ಅದರ ಭಯ ಮಗುವಿನ ಮಿದುಳಿನ ರಕ್ತಸ್ರಾವ. ಮೆಥೊಟ್ರೆಕ್ಸೇಟ್, ಐಸೊಟ್ರೆಟಿನೊಯಿನ್ ಅಂಗ ಮೂಡುವ ಕಾಲದಲ್ಲಿ ಅತಿ ಕೆಟ್ಟವು, ಗರ್ಭಪಾತವನ್ನೂ ಮಾಡುತ್ತವೆ. ವಾಲ್‌ಪ್ರೋಯೇಟ್‌ಗೆ ಮಾತ್ರ ಸುರಕ್ಷಿತ ಕಾಲ ಎನ್ನುವುದೇ ಇಲ್ಲ. ಅಂಗ ಮೂಡಿದ ಮೇಲೂ ಮಿದುಳು ಬೆಳೆಯುತ್ತಲೇ ಇರುತ್ತದೆ. ಗರ್ಭದಲ್ಲಿ ಇದಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ 100ಕ್ಕೆ 30ರಿಂದ 40 ಮಕ್ಕಳಿಗೆ ಮಾತು, ನಡಿಗೆ, ಕಲಿಕೆಯಲ್ಲಿ ತೊಂದರೆ ಕಾಣುತ್ತದೆ. ಮೈಗ್ರೇನ್ ಎಷ್ಟೇ ಕಾಡಿದರೂ ಅದಕ್ಕೆ ಮರಳಲಿಲ್ಲ.

ಹೆರಿಗೆ ಮತ್ತು ನಂತರ

38ನೇ ವಾರ ನೋವು ಬರಿಸಿ ಹೆರಿಗೆ ಮಾಡಿಸಿದೆವು. ಹೆಣ್ಣುಮಗು, 2.8 ಕೆಜಿ. ಮೊದಲ ದಿನವೇ ಮೂತ್ರ ಮಾಡಿತು. ಮಗುವಿನ ಬಿಪಿ ಮೂರು ದಿನ ನೋಡಿದೆವು, ಇಳಿದಿರಲಿಲ್ಲ. ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನು ಮೊದಲ ದಿನ ಮಾಡಿದರೆ ತಾಯಿಯದ್ದೇ ಸಂಖ್ಯೆ ಬರುತ್ತದೆ, ಹಾಗಾಗಿ ಕೆಲವು ದಿನ ಬಿಟ್ಟು ಮಾಡಿಸಿದೆವು. ಸರಿಯಾಗಿತ್ತು. ಮಗುವಿನ ಮಾತು, ನಡಿಗೆ ಕಲಿಯುವ ಹಂತಗಳನ್ನು ಮಕ್ಕಳ ವೈದ್ಯರು ಶಾಲೆಗೆ ಸೇರುವವರೆಗೂ ನೋಡುತ್ತಾರೆ. ಗರ್ಭದ ಶುರುವಿನಲ್ಲಿ ವಾಲ್‌ಪ್ರೋಯೇಟ್ ಇತ್ತು ಎಂದು ಮಗುವಿನ ಕಾರ್ಡಿನಲ್ಲಿ ತಾರೀಖು ಸಮೇತ ಬರೆದಿದೆ.

ತಾಯಿಗೆ ಬಿಪಿಗೆ ಈಗ ಎನಲಾಪ್ರಿಲ್. 27ನೇ ವಾರದಲ್ಲಿ ಕೊಡಲೇಬಾರದಿದ್ದ ಗುಂಪು ಅದೇ. ಆದರೆ ಎದೆಹಾಲಿಗೆ ಹೋಗುವುದು ತೀರಾ ಕಡಿಮೆ, ಹಾಲುಣಿಸುವ ತಾಯಂದಿರಿಗೆ ಕೊಡುತ್ತಾರೆ. ಇದನ್ನು ಕೇಳಿ ಅವರು ನಕ್ಕರು, ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಮೈಗ್ರೇನ್ ತಡೆಯಲು ಪ್ರೊಪ್ರನಲಾಲ್. ಲ್ಯಾಬೆಟಲಾಲ್ ಕೂಡ ಅದೇ ಗುಂಪಿನದ್ದಾದ್ದರಿಂದ ಅದನ್ನು ನಿಲ್ಲಿಸಿ ಇದನ್ನು ಕೊಟ್ಟೆವು. ಬಿಪಿ ಮತ್ತು ಮೈಗ್ರೇನ್ ಎರಡೂ ಇರುವವರಿಗೆ ಈಸ್ಟ್ರೊಜನ್ ಇರುವ ಗರ್ಭನಿರೋಧಕ ಗುಳಿಗೆ ಸಲ್ಲದು. ಆರು ವಾರದ ಭೇಟಿಯಲ್ಲಿ ಕಾಪರ್-ಟಿ ಹಾಕಿಸಿಕೊಂಡರು. ಮುಂದಿನ ಮಗು ಬೇಕೆನಿಸಿದಾಗ ಅದನ್ನು ತೆಗೆಸುವ ಮೊದಲು ಬಂದು ಮಾತ್ರೆ ಬದಲಿಸಿಕೊಳ್ಳಬೇಕು, ಫೋಲಿಕ್ ಆಸಿಡ್ ಒಂದು ತಿಂಗಳು ಮುಂಚೆಯೇ ಶುರುವಾಗಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟೆವು.